ಎರಡು ಪರ್ಸೆಂಟ್ ಬಿಟ್ಟರೆ ಮೂರು ರೂಪಾಯಿ ಬಡ್ಡಿ

ದಾವಣಗೆರೆಯಲ್ಲಿ ಒಂದು ಹಾರ್ಡ್‌ವೇರ್ ಅಂಗಡಿ ಇದೆ ಎಂದುಕೊಳ್ಳೋಣ. ಬೆಂಗಳೂರಿನ ಡಿಸ್ಟ್ರಿಬ್ಯೂಟರ್ ಒಂದು ಲಕ್ಷ ರೂಪಾಯಿಯ ಸರಕು ಕಳಿಸಿದ್ದಾರೆ. ದುಡ್ಡು ಕಟ್ಟಲು ಮೂವತ್ತು ದಿನದ ವಾಯಿದೆ. ಜೊತೆಗೆ ಫೋನಿನಲ್ಲಿ ಒಂದು ಮಾತು: ‘ಹತ್ತು ದಿನದೊಳಗೆ ಕಟ್ಟಿದ್ರೆ ಎರಡು ಪರ್ಸೆಂಟ್ ಸಿ.ಡಿ. ಬಿಡ್ತೀನಿ ಅಣ್ಣ.’ ಸಿ.ಡಿ. ಅಂದರೆ ಕ್ಯಾಶ್ ಡಿಸ್ಕೌಂಟ್. ಅಂಗಡಿಯವರು ಲೆಕ್ಕ ಹಾಕುತ್ತಾರೆ: ಉಳಿಯುವುದು ಎರಡು ಸಾವಿರ, ಅದಕ್ಕಾಗಿ ಈಗಲೇ ತೊಂಬತ್ತೆಂಟು ಸಾವಿರ ಹೊಂದಿಸಬೇಕು. ಎರಡು ಪರ್ಸೆಂಟ್ ತಾನೇ, ತಿಂಗಳ ಕೊನೆಗೆ ಪೂರ್ತಿ ಕಟ್ಟಿದರಾಯಿತು ಎಂದು ಸುಮ್ಮನಾಗುತ್ತಾರೆ.

ಆ ತೀರ್ಮಾನದಲ್ಲಿ ಒಂದು ಸಾಲ ಅಡಗಿದೆ.

ಬಿಲ್ಲಿನಲ್ಲಿ ಒಂದು ಲಕ್ಷ ಎಂದು ಬರೆದಿದ್ದರೂ ಸರಕಿನ ನಿಜವಾದ ಬೆಲೆ 98,000 ರೂಪಾಯಿ. ಹತ್ತನೇ ದಿನ ಅಷ್ಟೇ ಕೊಟ್ಟರೆ ವ್ಯವಹಾರ ಮುಗಿಯುತ್ತದೆ. ಕೊಡದಿದ್ದರೆ ಆ 98,000 ರೂಪಾಯಿ ಇನ್ನೂ ಇಪ್ಪತ್ತು ದಿನ ಅಂಗಡಿಯವರ ಬಳಿಯೇ ಉಳಿಯುತ್ತದೆ, ಅದಕ್ಕೆ ಅವರು ಕೊಡುವ ಬಾಡಿಗೆ 2,000 ರೂಪಾಯಿ. ಅಂದರೆ ದಿನಕ್ಕೆ ನೂರು ರೂಪಾಯಿ. ಮೊದಲ ಹತ್ತು ದಿನ ಹೇಗೂ ಪುಕ್ಕಟೆ, ಅವನ್ನು ಲೆಕ್ಕಕ್ಕೆ ಸೇರಿಸುವಂತಿಲ್ಲ. ಎರಡು ಪರ್ಸೆಂಟ್ ಸಣ್ಣದಾಗಿ ಕಾಣಲು ಕಾರಣವೇ ಇದು. ಅದು ಮೂವತ್ತು ದಿನದ ಬಡ್ಡಿಯೂ ಅಲ್ಲ, ವರ್ಷದ್ದಂತೂ ಅಲ್ಲವೇ ಅಲ್ಲ. ಬರೀ ಇಪ್ಪತ್ತು ದಿನದ ಬಡ್ಡಿ.

ಇದನ್ನು ವರ್ಷಕ್ಕೆ ಹಿಗ್ಗಿಸಿ ನೋಡಬೇಕು. 98,000ಕ್ಕೆ 2,000 ಎಂದರೆ ಶೇ. 2.04. ವರ್ಷದ 365 ದಿನಗಳಲ್ಲಿ ಇಪ್ಪತ್ತು ದಿನದ ಕಂತುಗಳು 18.25. ಎರಡನ್ನೂ ಗುಣಿಸಿದರೆ ಶೇ. 37.2. ಬಡ್ಡಿಗೆ ಬಡ್ಡಿ ಸೇರಿಸಿದರೆ ಶೇ. 44.6. ಪೇಟೆಯ ಭಾಷೆಯಲ್ಲಿ ಹೇಳುವುದಾದರೆ ಇದು ತಿಂಗಳಿಗೆ ನೂರಕ್ಕೆ ಮೂರು ರೂಪಾಯಿ ಬಡ್ಡಿ. ಕೈಸಾಲಕ್ಕೆ ಯಾರಾದರೂ ಮೂರು ರೂಪಾಯಿ ಬಡ್ಡಿ ಕೇಳಿದರೆ ಹೌಹಾರುವ ವ್ಯಾಪಾರಿ, ಅದೇ ದರವನ್ನು ಬಿಲ್ಲಿನ ಮೇಲೆ ತಿಂಗಳು ತಿಂಗಳೂ ಸದ್ದಿಲ್ಲದೆ ಕಟ್ಟುತ್ತಿರುತ್ತಾನೆ.

ಈಗ ಅದೇ ಅಂಗಡಿಯವರಿಗೆ ಬ್ಯಾಂಕಿನಲ್ಲಿ ಶೇ. 12ರ ಬಡ್ಡಿಯ ಓ.ಡಿ. ಖಾತೆ ಇದೆ ಎನ್ನೋಣ. ಹತ್ತನೇ ದಿನ ಅದರಿಂದ 98,000 ತೆಗೆದು ಬಿಲ್ಲು ತೀರಿಸಿ, ಮೂವತ್ತನೇ ದಿನ ಮಾರಾಟದ ದುಡ್ಡಿನಿಂದ ಓ.ಡಿ. ತುಂಬಿದರೆ ಇಪ್ಪತ್ತು ದಿನಕ್ಕೆ ಬೀಳುವ ಬಡ್ಡಿ ಸುಮಾರು 644 ರೂಪಾಯಿ. ಉಳಿಯುವ ರಿಯಾಯಿತಿ 2,000. ಒಂದು ಬಿಲ್ಲಿಗೆ 1,356 ರೂಪಾಯಿ ನಿವ್ವಳ ಲಾಭ. ತಿಂಗಳಿಗೆ ಇಂಥದ್ದು ಒಂದೇ ಬಿಲ್ಲು ಬಂದರೂ ವರ್ಷಕ್ಕೆ ಹದಿನಾರು ಸಾವಿರ ದಾಟುತ್ತದೆ. ಸಾಲ ಮಾಡಿಯಾದರೂ ಸಿ.ಡಿ. ಪಡೆಯುವುದು ಲಾಭವೇ, ಆದರೆ ಆ ಸಾಲ ಅಗ್ಗವಾಗಿರಬೇಕು. ಓ.ಡಿ. ಇಲ್ಲದೆ ಮೂರು ರೂಪಾಯಿ ಬಡ್ಡಿಗೆ ಕೈಸಾಲ ತಂದು ಸಿ.ಡಿ. ಹಿಡಿದರೆ ಕೈಗೆ ಏನೂ ಹತ್ತುವುದಿಲ್ಲ.

‘2/10, ನೆಟ್ 30’ ಎಂದು ಬರೆಯುವ ಈ ಷರತ್ತು ಅಮೆರಿಕದ ವ್ಯಾಪಾರದಲ್ಲಿ ಬಹಳ ಹಳೆಯದು. ಅಲ್ಲಿನ ಕಂಪನಿಗಳ ಉದ್ರಿ ಷರತ್ತುಗಳನ್ನು ಕುರಿತು 1999ರಲ್ಲಿ ‘ಜರ್ನಲ್ ಆಫ್ ಫೈನಾನ್ಸ್’ನಲ್ಲಿ ಒಂದು ಸಮೀಕ್ಷೆ ಪ್ರಕಟವಾಯಿತು. ರಿಯಾಯಿತಿ ಕೊಡುವವರಲ್ಲಿ ಹೆಚ್ಚು ಬಳಕೆಯಲ್ಲಿದ್ದದ್ದು ಇದೇ ಷರತ್ತು ಎಂದು ಅದು ಕಂಡುಕೊಂಡಿತು. ಇಷ್ಟು ದುಬಾರಿ ಸಾಲವನ್ನು ಮಾರುವವರು ಮುಂದಿಡುವುದರ ಹಿಂದೆ ಒಂದು ಜಾಣ ಕಾರಣವೂ ಇದೆ. ಕೈಯಲ್ಲಿ ದುಡ್ಡಿರುವ ಅಥವಾ ಬ್ಯಾಂಕು ನಂಬುವ ಗಿರಾಕಿ ಸಿ.ಡಿ.ಯನ್ನು ಬಿಡುವುದಿಲ್ಲ. ಬಿಡುವವನಿಗೆ ಬೇರೆಲ್ಲೂ ಅಗ್ಗದ ಸಾಲ ಸಿಗುತ್ತಿಲ್ಲ ಎಂದು ಊಹಿಸಬಹುದು. ವರ್ಷಗಟ್ಟಲೆ ಹತ್ತನೇ ದಿನಕ್ಕೆ ಕಟ್ಟುತ್ತಿದ್ದವರು ಇದ್ದಕ್ಕಿದ್ದಂತೆ ಮೂವತ್ತಕ್ಕೆ ಜಾರಿದರೆ, ಅನುಭವಸ್ಥ ಡಿಸ್ಟ್ರಿಬ್ಯೂಟರ್ ಅವರಿಗೆ ಮುಂದಿನ ಉದ್ರಿ ಕೊಡುವ ಮುನ್ನ ಯೋಚಿಸುತ್ತಾರೆ.

ಹಾಗಿದ್ದರೂ ಈ ನಷ್ಟ ಯಾಕೆ ಕಣ್ಣಿಗೆ ಬೀಳುವುದಿಲ್ಲ? ಲೆಕ್ಕ ಬರೆಯುವ ರೂಢಿಯಲ್ಲೇ ಅದಕ್ಕೆ ಉತ್ತರವಿದೆ. ಸಾಮಾನ್ಯವಾಗಿ ಖರೀದಿಯನ್ನು ಒಂದು ಲಕ್ಷ ಎಂದೇ ದಾಖಲಿಸುತ್ತಾರೆ. ಸಿ.ಡಿ. ಸಿಕ್ಕರೆ ಅದು ಆದಾಯದ ಕಡೆ ಕಾಣಿಸಿಕೊಳ್ಳುತ್ತದೆ, ಬೋನಸ್ ಬಂದ ಹಾಗೆ. ಕಳೆದುಕೊಂಡರೆ ಎಲ್ಲೂ ಕಾಣಿಸುವುದಿಲ್ಲ, ಸರಕಿನ ಬೆಲೆಯೊಳಗೆ ಕರಗಿಹೋಗುತ್ತದೆ. ಬ್ಯಾಂಕಿನ 644 ರೂಪಾಯಿ ಬಡ್ಡಿ ಮಾತ್ರ ಪಾಸ್‌ಬುಕ್ಕಿನಲ್ಲಿ ಎದ್ದು ಕಾಣುತ್ತದೆ. ಇದಕ್ಕೆ ಲೆಕ್ಕಶಾಸ್ತ್ರದಲ್ಲಿ ಇನ್ನೊಂದು ಪದ್ಧತಿ ಇದೆ. ಖರೀದಿಯನ್ನು ಮೊದಲೇ 98,000ಕ್ಕೆ ಬರೆದುಕೊಂಡು, ರಿಯಾಯಿತಿ ತಪ್ಪಿದಾಗ ಆ 2,000ವನ್ನು ‘ಕಳೆದುಕೊಂಡ ರಿಯಾಯಿತಿ’ ಎಂಬ ಬೇರೆ ಖರ್ಚಿಗೆ ಹಾಕುವುದು. ಆಗ ವರ್ಷದ ಕೊನೆಗೆ ಇಡೀ ಮೊತ್ತ ಒಂದೇ ಸಾಲಿನಲ್ಲಿ ಎದುರಿಗೆ ನಿಲ್ಲುತ್ತದೆ.

ಲೆಕ್ಕ ಎಲ್ಲ ಬಿಲ್ಲಿಗೂ ಒಂದೇ ಅಲ್ಲ ಎಂಬುದೂ ಗೊತ್ತಿರಬೇಕು. ಅನೇಕ ಕಡೆ ಸಿ.ಡಿ.ಯನ್ನು ಸರಕಿನ ಮೂಲಬೆಲೆಯ ಮೇಲೆ ಮಾತ್ರ ಕೊಡುತ್ತಾರೆ, ಜಿಎಸ್‌ಟಿಯ ಮೇಲಲ್ಲ. ಶೇ. 18ರ ಜಿಎಸ್‌ಟಿ ಸೇರಿ ಬಿಲ್ಲು 1,18,000 ಆಗಿ, ಸಿ.ಡಿ. 2,000 ಮಾತ್ರ ಆದರೆ, ಹತ್ತನೇ ದಿನ 1,16,000 ಹೊಂದಿಸಬೇಕಾಗುತ್ತದೆ. ಆಗ ವಾರ್ಷಿಕ ದರ ಶೇ. 31.5ಕ್ಕೆ ಇಳಿಯುತ್ತದೆ. ರಿಯಾಯಿತಿ ಒಂದೇ ಪರ್ಸೆಂಟ್ ಇದ್ದರೆ ಸುಮಾರು ಶೇ. 18.4.

ವಾಯಿದೆ ಉದ್ದವಾದಷ್ಟೂ ದರ ಇನ್ನಷ್ಟು ಇಳಿಯುತ್ತದೆ. ಅದೇ ಎರಡು ಪರ್ಸೆಂಟಿಗೆ ವಾಯಿದೆ ಅರವತ್ತು ದಿನ ಇದ್ದರೆ ದರ ಶೇ. 14.9, ತೊಂಬತ್ತು ದಿನ ಇದ್ದರೆ ಶೇ. 9.3. ಶೇ. 12ರ ಓ.ಡಿ. ಇರುವವರು ತೊಂಬತ್ತು ದಿನದ ವಾಯಿದೆಯಲ್ಲಿ ಸಿ.ಡಿ. ಬಿಡುವುದೇ ಸರಿ. ಆದರೆ ಮೂವತ್ತು ದಿನದ ವಾಯಿದೆಯನ್ನು ತಾವಾಗಿಯೇ ತೊಂಬತ್ತಕ್ಕೆ ಎಳೆದು ಈ ದರ ಕಡಿಮೆಯಾಯಿತು ಎಂದುಕೊಳ್ಳುವುದು ಬೇರೆ ಮಾತು. ತಡವಾದರೆ ಬಡ್ಡಿ ಎಂದು ಬಿಲ್ಲಿನ ಕೆಳಗೆ ಸಣ್ಣ ಅಕ್ಷರದಲ್ಲಿ ಅಚ್ಚಾಗಿರಬಹುದು. ಸರಕು ತಯಾರಿಸಿ ಕೊಟ್ಟವರು ನೋಂದಾಯಿತ ಅತಿ ಸಣ್ಣ ಅಥವಾ ಸಣ್ಣ ಉದ್ದಿಮೆಯಾಗಿದ್ದರೆ, 2006ರ ಎಂಎಸ್‌ಎಂಇ ಕಾಯ್ದೆಯ ಪ್ರಕಾರ ಒಪ್ಪಂದದ ವಾಯಿದೆಯೂ 45 ದಿನ ಮೀರುವಂತಿಲ್ಲ. ತಡ ಮಾಡಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿಯನ್ನು ತಿಂಗಳು ತಿಂಗಳೂ ಚಕ್ರಬಡ್ಡಿಯಾಗಿ ಕಟ್ಟಬೇಕು.

ಪಾವತಿಯ ದಿನವನ್ನು ಆರಿಸುವಾಗ ಇನ್ನೊಂದು ತಪ್ಪು ಆಗುತ್ತದೆ. ಹತ್ತನೇ ದಿನ ದಾಟಿದ ಮೇಲೆ ‘ಬೇಗ ಕಟ್ಟಿಬಿಡೋಣ’ ಎಂದು ಹದಿನೈದನೇ ದಿನ ಪೂರ್ತಿ ಲಕ್ಷ ಕೊಟ್ಟರೆ, ಬರೀ ಐದು ದಿನಕ್ಕೆ 2,000 ಕೊಟ್ಟಂತೆ. ವರ್ಷಕ್ಕೆ ಅದು ಶೇ. 149 ಆಗುತ್ತದೆ. ರಿಯಾಯಿತಿ ತಪ್ಪಿದ ಮೇಲೆ ಮೂವತ್ತನೇ ದಿನದವರೆಗೆ ದುಡ್ಡು ಇಟ್ಟುಕೊಳ್ಳುವುದೇ ಲೆಕ್ಕಕ್ಕೆ ಸರಿ. ರಿಯಾಯಿತಿ ಬೇಕಿದ್ದರೂ ಮೂರನೇ ದಿನವೇ ಧಾವಿಸಬೇಕಿಲ್ಲ, ಹತ್ತನೇ ದಿನ ಕಟ್ಟಿದರೆ ಸಾಕು. ಆ ಹತ್ತು ದಿನ ಬಿಲ್ಲಿನ ತಾರೀಖಿನಿಂದಲೋ ಸರಕು ಮುಟ್ಟಿದ ದಿನದಿಂದಲೋ ಎಂಬುದನ್ನು ಮೊದಲೇ ಬರವಣಿಗೆಯಲ್ಲಿ ಕೇಳಿಕೊಳ್ಳಬೇಕು. ಲಾರಿ ಬರಲು ನಾಲ್ಕು ದಿನ ಹಿಡಿದರೆ ಉಳಿಯುವುದು ಆರೇ ದಿನ.

ಹೋದ ವರ್ಷದ ಖರೀದಿ ಬಿಲ್ಲುಗಳಲ್ಲಿ ಸಿ.ಡಿ. ಷರತ್ತು ಇದ್ದವನ್ನು ಬೇರೆ ತೆಗೆದು, ತಪ್ಪಿಹೋದ ರಿಯಾಯಿತಿಗಳನ್ನು ಒಮ್ಮೆ ಕೂಡಿಸಿ ನೋಡಿ. ಆ ಪಟ್ಟಿಯನ್ನು ಹಿಡಿದುಕೊಂಡೇ ಬ್ಯಾಂಕಿಗೆ ಹೋಗಿ ಓ.ಡಿ. ಮಿತಿ ಹೆಚ್ಚಿಸಲು ಕೇಳಿ. ಹೆಚ್ಚುವರಿ ಸಾಲ ಯಾತಕ್ಕೆ ಎಂದು ಮ್ಯಾನೇಜರ್ ಕೇಳಿದರೆ ಉತ್ತರ ಆ ಪಟ್ಟಿಯಲ್ಲೇ ಇರುತ್ತದೆ.