ಮಾರ್ಚ್ ಲೆಕ್ಕದ ನಡುವೆ ಶ್ರೀಶೈಲಕ್ಕೆ ಸೂಟಿ

ಉತ್ತರ ಕರ್ನಾಟಕದ ಕಚೇರಿಗಳಲ್ಲಿ ಮಾರ್ಚ್ ಬಂತೆಂದರೆ ಎರಡು ಮಾತು ಒಟ್ಟಿಗೆ ಕೇಳಿಸುತ್ತವೆ. ಒಂದು, ‘ಇಯರ್ ಎಂಡಿಂಗ್ ಐತಿ, ಯಾರೂ ಸೂಟಿ ಕೇಳಬ್ಯಾಡ್ರಿ’ ಎಂಬುದು. ಇನ್ನೊಂದು, ‘ಮಲ್ಲಯ್ಯನ ಕಂಬಿ ಯಾವತ್ತು ಹೊಂಡತೈತ್ರಿ?’ ಎಂಬುದು. ಬೆಳಗಾವಿ, ಬಾಗಲಕೋಟೆ, ವಿಜಯಪುರ, ಕಲಬುರಗಿ, ರಾಯಚೂರು ಕಡೆಯ ಸಾವಿರಾರು ಮನೆಗಳಿಗೆ ಯುಗಾದಿ ಎಂದರೆ ಶ್ರೀಶೈಲ. ಭ್ರಮರಾಂಬೆಯನ್ನು ಮನೆಮಗಳೆಂದು ನಂಬಿದ ಈ ಭಕ್ತರು ಅವಳಿಗೆ ಸೀರೆ, ಬಳೆ ಹಿಡಿದು ವಾರಗಟ್ಟಲೆ ನಡೆದು ಹೋಗುತ್ತಾರೆ. ಆ ನಡಿಗೆ ಮುಗಿಯುವ ಹೊತ್ತೂ ಹಣಕಾಸು ವರ್ಷ ಮುಗಿಯುವ ಹೊತ್ತೂ ಹತ್ತಿರ ಹತ್ತಿರ ಬರುತ್ತವೆ.

ಎಷ್ಟು ಹತ್ತಿರ ಎಂಬುದು ಮಾತ್ರ ವರ್ಷ ವರ್ಷಕ್ಕೆ ಬೇರೆ. ರಜೆ ಕೇಳುವವರು ಮೊದಲು ನೋಡಬೇಕಾದದ್ದು ಇದನ್ನೇ. 2024ರಲ್ಲಿ ಯುಗಾದಿ ಬಂದದ್ದು ಏಪ್ರಿಲ್ 9ಕ್ಕೆ, ಅಂದರೆ ಹೊಸ ಹಣಕಾಸು ವರ್ಷ ಶುರುವಾದ ಮೇಲೆ. 2025ರಲ್ಲಿ ಮಾರ್ಚ್ 30, ಭಾನುವಾರ. ಮರುದಿನವೇ ಲೆಕ್ಕ ಮುಗಿಸುವ ದಿನ. ಆ ದಿನ ರಂಜಾನ್ ಹಬ್ಬವಿದ್ದರೂ ಸರ್ಕಾರಿ ವಹಿವಾಟು ನಡೆಸುವ ಬ್ಯಾಂಕುಗಳು ತೆರೆದಿರಬೇಕೆಂದು ರಿಸರ್ವ್ ಬ್ಯಾಂಕ್ ಸೂಚಿಸಿತ್ತು. 2026ರಲ್ಲಿ ಯುಗಾದಿ ಮಾರ್ಚ್ 19, ಗುರುವಾರ. ಚಾಂದ್ರಮಾನದ ವರ್ಷ ಸುಮಾರು 354 ದಿನಗಳದ್ದಾದ್ದರಿಂದ ಹಬ್ಬ ವರ್ಷಕ್ಕೆ ಹನ್ನೊಂದು ದಿನ ಹಿಂದೆ ಸರಿಯುತ್ತದೆ. ಅಧಿಕ ಮಾಸ ಬಂದಾಗ ಮತ್ತೆ ಮುಂದಕ್ಕೆ ಜಿಗಿಯುತ್ತದೆ.

ಹೀಗಾಗಿ ‘ಮಾರ್ಚಿನಲ್ಲಿ ರಜೆ’ ಎಂಬುದು ಎಲ್ಲ ವರ್ಷವೂ ಒಂದೇ ಕೋರಿಕೆಯಲ್ಲ. 2025ರಲ್ಲಿ ಬ್ಯಾಂಕಿನ ಗುಮಾಸ್ತರೊಬ್ಬರು ಯುಗಾದಿಗೆ ಕೇಳಿದ ನಾಲ್ಕು ದಿನವೂ 2026ರಲ್ಲಿ ಕೇಳಿದ ನಾಲ್ಕು ದಿನವೂ ಮೇಲಧಿಕಾರಿಯ ಮೇಜಿನ ಮೇಲೆ ಒಂದೇ ತೂಕದವಲ್ಲ. ಮೊದಲನೆಯದಕ್ಕೆ ಇಲ್ಲ ಎನ್ನುವುದು ಬಿಟ್ಟು ಅವರಿಗೆ ದಾರಿಯೇ ಇರಲಿಲ್ಲ. ಎರಡನೆಯದಕ್ಕೆ ದಾರಿ ಇದೆ, ಆದರೆ ಅದನ್ನು ಕೇಳುವವರೇ ಹುಡುಕಿ ತೋರಿಸಬೇಕು.

2026ರ ಪಂಚಾಂಗವನ್ನೇ ಮುಂದಿಟ್ಟುಕೊಂಡು ಒಂದು ಉದಾಹರಣೆ ನೋಡೋಣ. ಹುಬ್ಬಳ್ಳಿಯ ಸಗಟು ವ್ಯಾಪಾರದ ಕಚೇರಿಯಲ್ಲಿ ಲೆಕ್ಕಪತ್ರ ನೋಡುವ ಒಬ್ಬ ಮಹಿಳೆ ಇದ್ದಾರೆ ಎಂದಿಟ್ಟುಕೊಳ್ಳಿ. ಅವರ ತಂದೆ ವರ್ಷವೂ ಊರಿನ ಕಂಬಿಯ ಜೊತೆ ನಡೆದವರು. ಈ ಸಲ ಮಗಳು, ಅಳಿಯ, ಮೊಮ್ಮಕ್ಕಳೂ ಬರಲಿ ಎಂಬುದು ಹಿರಿಯರ ಆಸೆ. ಕಚೇರಿಯ ಲೆಕ್ಕ ವಿಭಾಗದಲ್ಲಿ ಇರುವವರು ಮೂವರೇ. ಅವರಲ್ಲೊಬ್ಬರು ಮುಸ್ಲಿಂ ಸಹೋದ್ಯೋಗಿ. 2026ರ ರಂಜಾನ್ ಹಬ್ಬ ಚಂದ್ರದರ್ಶನಕ್ಕೆ ತಕ್ಕಂತೆ ಅದೇ ವಾರದ ಕೊನೆಗೆ, ಮಾರ್ಚ್ 20 ಅಥವಾ 21ಕ್ಕೆ ಬರುವ ಲೆಕ್ಕ. ಅವರಿಗೂ ಸೂಟಿ ಬೇಕು.

ಇಂಥಲ್ಲಿ ಹಲವರು ನೇರವಾಗಿ ಸಾಹೇಬರ ಕೋಣೆಗೆ ಹೋಗಿ, ‘ಸರ, 14ರಿಂದ 22ರ ತನಕ ಸೂಟಿ ಬೇಕ್ರಿ, ದೇವರ ಕೆಲಸ’ ಎನ್ನುತ್ತಾರೆ. ಈ ಮಾತಿನಲ್ಲಿ ಸುಳ್ಳೇನೂ ಇಲ್ಲ. ಆದರೂ ಕೇಳಿದವರ ಕಷ್ಟವೆಲ್ಲ ಸಾಹೇಬರ ತಲೆಗೆ ಬರುತ್ತದೆ. ಯಾವ ಕೆಲಸ ನಿಲ್ಲುತ್ತದೆ, ಯಾರು ಮಾಡಬೇಕು, ಇನ್ನೊಬ್ಬರ ಹಬ್ಬದ ಗತಿ ಏನು, ಎಲ್ಲವನ್ನೂ ಅವರೇ ಯೋಚಿಸಬೇಕು. ಇಲ್ಲ ಎಂದರೆ ದೇವರ ಕೆಲಸಕ್ಕೆ ಅಡ್ಡಬಂದ ಪಾಪವೂ ಅವರಿಗೇ.

ಪರಿಗಣನೆಯಿಂದ ಕೇಳುವುದು ಎಂದರೆ ಈ ಹೊರೆಯನ್ನು ಮೊದಲು ತಾನೇ ಬಿಚ್ಚಿ ನೋಡುವುದು. ಯಾತ್ರೆಯಲ್ಲಿ ಯಾವುದು ಕದಲಿಸಲಾಗದ ದಿನ, ಯಾವುದು ಕದಲಿಸಬಹುದಾದ ದಿನ ಎಂದು ಬೇರೆ ಮಾಡಿಕೊಳ್ಳಬೇಕು. ಶ್ರೀಶೈಲದ ಯುಗಾದಿ ಮಹೋತ್ಸವ ಐದು ದಿನ ನಡೆಯುತ್ತದೆ. ಕನ್ನಡದ ಭಕ್ತರಿಗೆ ಬಿಡಲಾಗದವು ಎರಡು: ಹಬ್ಬದ ಹಿಂದಿನ ರಾತ್ರಿಯ ವೀರಾಚಾರ ಮತ್ತು ಅಗ್ನಿಕುಂಡ ಪ್ರವೇಶ, ಯುಗಾದಿಯ ಸಂಜೆಯ ರಥೋತ್ಸವ. ಅಂದರೆ 18ರ ಸಂಜೆಯಿಂದ 19ರ ರಾತ್ರಿಯವರೆಗೆ ಅಲ್ಲಿರಲೇಬೇಕು. ಊರಿಂದಲೇ ನಡೆಯುವುದು ಉದ್ಯೋಗಸ್ಥರಿಗೆ ಆಗದ ಮಾತು. ಆದರೆ ಆತ್ಮಕೂರು ಹತ್ತಿರದ ವೆಂಕಟಾಪುರದವರೆಗೆ ವಾಹನದಲ್ಲಿ ಹೋಗಿ, ಅಲ್ಲಿಂದ ನಾಗಲೂಟಿ, ಪೆದ್ದಚೆರುವು, ಭೀಮನ ಕೊಳ್ಳದ ಮೇಲೆ ಕೈಲಾಸದ್ವಾರ ಹತ್ತುವ ನಲ್ಲಮಲದ ಕಾಡುದಾರಿಯನ್ನು ಅಪ್ಪನ ಜೊತೆ ಎರಡು ದಿನ ನಡೆಯಬಹುದು. ಹಲವು ಕುಟುಂಬಗಳು ಇದನ್ನೇ ಮಾಡುತ್ತವೆ.

ಹೀಗೆ ನೋಡಿದಾಗ ಒಂಬತ್ತು ದಿನದ ಕೋರಿಕೆ ಸಣ್ಣದಾಗುತ್ತದೆ. 16ರ ಸೋಮವಾರ ಕೆಲಸ ಮುಗಿಸಿ ರಾತ್ರಿ ಹೊರಟರೆ 17, 18 ನಡಿಗೆ. 19 ಹೇಗೂ ಯುಗಾದಿಯ ರಜೆ. 20ರ ಬೆಳಿಗ್ಗೆ ಹೊರಟು ರಾತ್ರಿ ಹುಬ್ಬಳ್ಳಿ. 21ರ ಶನಿವಾರ ಕಚೇರಿ. ಬೇಕಾದ ರಜೆ ಮೂರೇ ದಿನ. ಶನಿವಾರ ಇವರು ಬಂದರೆ ಸಹೋದ್ಯೋಗಿಯ ಹಬ್ಬಕ್ಕೂ ತೊಂದರೆಯಿಲ್ಲ. ಹಬ್ಬ 20ಕ್ಕೇ ಬಂದರೆ ಆ ಒಂದು ದಿನ ಮೂರನೆಯವರು ಒಬ್ಬರೇ ಉಳಿಯುತ್ತಾರೆ. ಅವರ ಒಪ್ಪಿಗೆಯನ್ನು ಸಾಹೇಬರ ಬಳಿ ಹೋಗುವ ಮೊದಲೇ ಪಡೆಯಬೇಕು. ಸಾಹೇಬರ ಅನುಮತಿ ಪಡೆದು ಆಮೇಲೆ ಸಹೋದ್ಯೋಗಿಗೆ ‘ನೀವ ನೋಡ್ಕೋಬೇಕಂತ್ರಿ’ ಎನ್ನುವುದು ಕೋರಿಕೆಯಲ್ಲ, ಹೇರಿಕೆ.

ಇನ್ನು ಕೆಲಸದ ಕಡೆ. ತಿಂಗಳು ತಿಂಗಳು ಜಿಎಸ್‌ಟಿ ಕಟ್ಟುವ ವ್ಯಾಪಾರಿಗೆ ಫೆಬ್ರವರಿಯ ಮಾರಾಟದ ವಿವರ, ಅಂದರೆ ಜಿಎಸ್‌ಟಿಆರ್-1, ಸಲ್ಲಿಸಲು ಮಾರ್ಚ್ 11 ಕೊನೆಯ ದಿನ. ಖರೀದಿಯ ಮೇಲಿನ ತೆರಿಗೆ ಜಮೆ ತೋರಿಸುವ 2ಬಿ ಪಟ್ಟಿ 14ಕ್ಕೆ ಸಿದ್ಧವಾಗುತ್ತದೆ. ತೆರಿಗೆ ಕಟ್ಟಿ 3ಬಿ ಸಲ್ಲಿಸಲು 20 ಕೊನೆ. ಯಾತ್ರೆಯ ದಿನಗಳ ಮೇಲೇ ಬಂದು ಕೂತಿರುವುದು ಈ 20. ಅದನ್ನು ಮುಂಚೆ ಮುಗಿಸಬಹುದೇ? ಮುಗಿಸಬಹುದು, ಆದರೆ 14ಕ್ಕಿಂತ ಮೊದಲು ಅಲ್ಲ, ಏಕೆಂದರೆ ಪಟ್ಟಿಯೇ ಬಂದಿರುವುದಿಲ್ಲ. ಆದ್ದರಿಂದ 14ರ ಶನಿವಾರ ಪಟ್ಟಿ ಇಳಿಸಿಕೊಂಡು ಖರೀದಿ ಪುಸ್ತಕದೊಂದಿಗೆ ತಾಳೆ ನೋಡಿ, 16ರ ಸೋಮವಾರ ಮಾಲೀಕರನ್ನು ಕೂರಿಸಿಕೊಂಡು ಸಲ್ಲಿಸಿಬಿಡಬೇಕು. ಮಾಲೀಕರು ಕೂರಬೇಕಾದದ್ದು ಯಾಕೆಂದರೆ, ಸಣ್ಣ ಸಂಸ್ಥೆಗಳಲ್ಲಿ ಸಾಮಾನ್ಯವಾಗಿ ಒಟಿಪಿಯಿಂದಲೇ ರಿಟರ್ನ್ ದೃಢೀಕರಿಸುತ್ತಾರೆ, ಆ ಒಟಿಪಿ ಬರುವುದು ಅಧಿಕೃತ ಸಹಿದಾರರ ಮೊಬೈಲಿಗೆ. ಎಷ್ಟೋ ಕಡೆ ಅನುಕೂಲಕ್ಕೆಂದು ಲೆಕ್ಕದವರದೇ ನಂಬರ್ ಕೊಟ್ಟಿರುತ್ತಾರೆ. ಆ ಫೋನು ನಲ್ಲಮಲ ಕಾಡಿಗೆ ಹೋದರೆ ರಿಟರ್ನೂ ಅಲ್ಲೇ ಹೋಯಿತು.

ಕಾಡಿನಲ್ಲಿ ಸಿಗ್ನಲ್ಲೇ ಅಪರೂಪ. ಅದಕ್ಕೇ ‘ಫೋನ್‌ನ್ಯಾಗ ಸಿಗ್ತೀನ್ರಿ ಸರ’ ಎಂಬ ಮಾತು ಕೊಡಲೇಬಾರದು. ಕೊಟ್ಟವರು ನಡೆಯುತ್ತ ಫೋನು ನೋಡುತ್ತಿರುತ್ತಾರೆ, ಕಚೇರಿಯವರು ಕರೆ ಮಾಡಿ ಸಿಟ್ಟಾಗುತ್ತಾರೆ. ‘17 ಮತ್ತು 18 ಸಿಗುವುದಿಲ್ಲ, 19ರ ಬೆಳಿಗ್ಗೆ ನಾನೇ ಕರೆ ಮಾಡುತ್ತೇನೆ’ ಎಂದು ಮೊದಲೇ ಹೇಳಿದರೆ ಯಾರಿಗೂ ಮೋಸವಿಲ್ಲ.

ಇಷ್ಟು ಕೈಯಲ್ಲಿಟ್ಟುಕೊಂಡು ಫೆಬ್ರವರಿಯ ಮೊದಲ ವಾರ, ಬಸ್ಸಿನ ಸೀಟು ಕಾಯ್ದಿರಿಸುವ ಮೊದಲು, ಸಾಹೇಬರ ಬಳಿ ಹೋಗಬೇಕು. ‘ಟಿಕೆಟ್ ಆಗ್ಯಾವ್ರಿ’ ಎಂದು ಶುರುಮಾಡಿದರೆ ಅನುಮತಿ ಕೇಳಿದಂತಾಗುವುದಿಲ್ಲ. ಮಾತು ಹೀಗಿರಬಹುದು: ‘ಸರ, ಯುಗಾದಿಗೆ ಅಪ್ಪಾರ ಕೂಡ ಶ್ರೀಶೈಲಕ್ಕ ಹೋಗೂದೈತ್ರಿ. 17, 18, 20 ಮೂರು ದಿನ ಸೂಟಿ ಬೇಕಾಗಿತ್ರಿ. 3ಬಿ ಸೋಮವಾರನ ಮುಗಿಸಿ ಹೋಗ್ತೀನ್ರಿ. ಉಳಿದಿದ್ದರ ಬಗ್ಗೆ ಇಬ್ಬರ ಕೂಡ ಮಾತಾಡೀನ್ರಿ. ಇನ್ನೂ ಟಿಕೆಟ್ ಮಾಡಿಲ್ರಿ, ನಿಮ್ಮನ್ನ ಕೇಳಿ ಮಾಡೋಣಂತ.’ ಇಷ್ಟೇ. ಹರಕೆಯ ಕತೆ, ತಪ್ಪಿದರೆ ಕೇಡಾದೀತೆಂಬ ಹೆದರಿಕೆ ಇಲ್ಲಿ ಬೇಡ. ನಂಬಿಕೆ ನಿಜವೇ ಇರಬಹುದು, ಆದರೆ ಅದನ್ನು ಒತ್ತಡವಾಗಿ ಬಳಸಿದರೆ ಎದುರಿನವರು ಮನಸ್ಸಿಲ್ಲದೆ ಹೂಂ ಎನ್ನುತ್ತಾರೆ, ಮುಂದಿನ ವರ್ಷ ನೆನಪಿಟ್ಟುಕೊಳ್ಳುತ್ತಾರೆ. ಜ್ವರವೆಂದು ಸುಳ್ಳು ಹೇಳಿ ಹೋಗುವುದು ಇದಕ್ಕಿಂತ ಕೆಟ್ಟದ್ದು. ರಥದ ಮುಂದೆ ನಿಂತ ಫೋಟೊ ಯಾರಾದರೊಬ್ಬ ನೆಂಟರ ವಾಟ್ಸ್‌ಆ್ಯಪ್ ಸ್ಟೇಟಸ್‌ನಲ್ಲಿ ಬಂದೇ ಬರುತ್ತದೆ.

ನಮ್ಮ ಕಚೇರಿಗಳಲ್ಲಿ ‘ನೋಡೋಣಂತ’ ಎಂಬ ಉತ್ತರ ಬಹಳ. ಅದನ್ನು ಒಪ್ಪಿಗೆ ಎಂದು ತಿಳಿದು ಸುಮ್ಮನಾಗುವವರೇ ಮಾರ್ಚ್ 15ಕ್ಕೆ ಜಗಳಕ್ಕೆ ಬೀಳುತ್ತಾರೆ. ಅದೇ ಸಂಜೆ ನಾಲ್ಕು ಸಾಲು ಬರೆದು ಕೊಡುವುದು ಒಳ್ಳೆಯದು: ‘ಕುಟುಂಬದೊಂದಿಗೆ ಶ್ರೀಶೈಲ ಯಾತ್ರೆಗಾಗಿ ಮಾರ್ಚ್ 17, 18 ಮತ್ತು 20ರಂದು ಗಳಿಕೆ ರಜೆ ಮಂಜೂರು ಮಾಡಬೇಕೆಂದು ಕೋರುತ್ತೇನೆ. ಫೆಬ್ರವರಿಯ 3ಬಿಯನ್ನು 16ರಂದೇ ಸಲ್ಲಿಸಲಾಗುವುದು. ದಿನದ ಪಾವತಿಗಳ ಕಡತ ಸಹೋದ್ಯೋಗಿಯ ಬಳಿ ಇರುತ್ತದೆ. 17 ಮತ್ತು 18ರಂದು ಫೋನಿನಲ್ಲಿ ಸಿಗುವುದಿಲ್ಲ. 21ರಂದು ಕೆಲಸಕ್ಕೆ ಹಾಜರಾಗುತ್ತೇನೆ. ದಾಸ್ತಾನು ಎಣಿಕೆ ಮತ್ತು ವರ್ಷಾಂತ್ಯದ ಕೆಲಸಕ್ಕೆ 31ರವರೆಗೆ ಬೇರೆ ರಜೆ ಕೇಳುವುದಿಲ್ಲ.’ ಕೊನೆಯ ವಾಕ್ಯಕ್ಕೆ ಬೆಲೆ ಹೆಚ್ಚು. ಸಾಹೇಬರ ನಿಜವಾದ ಭಯ ಮಾರ್ಚ್ 19ರದ್ದಲ್ಲ, ಕೊನೆಯ ವಾರದ್ದು. ಅರ್ಜಿ ಕೊಡುವ ಮುನ್ನ ಕಚೇರಿಯ ನಿಯಮ ಒಮ್ಮೆ ಕೇಳಿಕೊಳ್ಳಬೇಕು. ಕೆಲವು ಕಡೆ ರಜೆಗಳ ನಡುವೆ ಬಂದ ಹಬ್ಬವನ್ನೂ ರಜೆಯ ಲೆಕ್ಕಕ್ಕೇ ಹಿಡಿಯುತ್ತಾರೆ, ಆಗ ಮೂರು ದಿನ ನಾಲ್ಕಾಗುತ್ತದೆ.

ಇಷ್ಟಾದರೂ ಇಲ್ಲ ಎಂಬ ಉತ್ತರ ಬರಬಹುದು. ರಜೆಯನ್ನು ಹಕ್ಕೆಂದು ಕೇಳುವಂತಿಲ್ಲ ಎಂದು ಕೇಂದ್ರ ಸರ್ಕಾರಿ ನೌಕರರ ರಜಾ ನಿಯಮಗಳೇ ಹೇಳುತ್ತವೆ. ಕೆಲಸದ ತುರ್ತಿದ್ದರೆ ಅಧಿಕಾರಿ ರಜೆ ನಿರಾಕರಿಸಬಹುದು, ಕೊಟ್ಟದ್ದನ್ನೂ ರದ್ದು ಮಾಡಬಹುದು. ಆಗ ವಾದಕ್ಕಿಳಿಯುವ ಬದಲು ‘ಯಾವ ದಿನ ತೊಂದರಿ ಆಗತೈತ್ರಿ?’ ಎಂದು ಕೇಳಿದರೆ ಹಲವು ಸಲ ಒಂದೇ ದಿನದ ಗಂಟು ಹೊರಬೀಳುತ್ತದೆ. ಅದು 17 ಆದರೆ ಕಾಡಿನ ನಡಿಗೆ ಬಿಟ್ಟು, 17ರ ರಾತ್ರಿ ಬಸ್ ಹತ್ತಿ 18ಕ್ಕೆ ಅಪ್ಪನನ್ನು ಶ್ರೀಶೈಲದಲ್ಲೇ ಸೇರಿಕೊಳ್ಳಬಹುದು. ಯುಗಾದಿಗೆ ಉತ್ತರ ಕರ್ನಾಟಕದ ಸಾರಿಗೆ ಸಂಸ್ಥೆಗಳು ವಿಶೇಷ ಬಸ್ಸುಗಳನ್ನೂ ಬಿಡುತ್ತವೆ. ನಡಿಗೆ ತಪ್ಪಿದ ಬೇಸರ ಸಣ್ಣದಲ್ಲ. ಆದರೂ ಅಗ್ನಿಕುಂಡವೂ ರಥವೂ ಉಳಿದವು, ಅಪ್ಪನ ಪಕ್ಕದಲ್ಲಿ ನಿಲ್ಲುವುದೂ ಉಳಿಯಿತು.

2026ರ ಜ್ಯೇಷ್ಠ ಅಧಿಕ ಮಾಸ. ಹೀಗಾಗಿ 2027ರ ಯುಗಾದಿ ಏಪ್ರಿಲ್ 7, ಬುಧವಾರಕ್ಕೆ ಹೋಗುತ್ತದೆ. ವರ್ಷಾಂತ್ಯದ ದಾಸ್ತಾನು ಎಣಿಕೆ ಅಷ್ಟರಲ್ಲಿ ಮುಗಿದಿರುತ್ತದೆ, ಮಾರ್ಚ್ ತಿಂಗಳ ಜಿಎಸ್‌ಟಿಆರ್-1 ಮಾತ್ರ ಏಪ್ರಿಲ್ 11ಕ್ಕೆ ಕಾದಿರುತ್ತದೆ. ಆ ವರ್ಷ ಅಪ್ಪ ಅವ್ವನನ್ನು ಕರೆದುಕೊಂಡು ನಡೆಯಬೇಕೆಂದಿರುವವರು ಈ ಎರಡು ತಾರೀಖನ್ನು ಈಗಲೇ ಬರೆದಿಟ್ಟುಕೊಂಡು, ಫೆಬ್ರವರಿಯಲ್ಲೇ ಸಹೋದ್ಯೋಗಿಗಳ ಜೊತೆ ಮಾತಾಡಿ.