45ರ ಹೊಟ್ಟೆಯಲ್ಲಿ ಸೊನ್ನೆ!

ನಾಸಿಕ್ ಪಕ್ಕದ ದೇವಳಾಲಿಯಲ್ಲಿ ಶಾಲಾ ಮೇಷ್ಟರಾಗಿದ್ದ ದತ್ತಾತ್ರೇಯ ರಾಮಚಂದ್ರ ಕಾಪ್ರೇಕರ್ (1905–1986) ಹುಡುಕಿದ ಆಟ ಇದು. 45ರ ವರ್ಗ 2025. ನಡುವೆ ಕತ್ತರಿಸಿ ಕೂಡಿ: 20 + 25. ಅರೆ, ಮತ್ತೆ 45! 55ಕ್ಕೂ ಹಾಗೇ: 3025, 30 + 25. ಇಂಥವಕ್ಕೆ ಇಂದು ಕಾಪ್ರೇಕರ್ ಸಂಖ್ಯೆ ಎಂದೇ ಹೆಸರು.

ಬರೀ ಅಂಕಿಗಳ ಚೇಷ್ಟೆ ಎನ್ನಬೇಡಿ, ನಿಜವಾದ ಬೆರಗು ಕತ್ತರಿಯಲ್ಲಿದೆ. 100ನ್ನು 99ರಿಂದ ಭಾಗಿಸಿದರೆ ಶೇಷ 1. ಹಾಗಾಗಿ ಸಂಖ್ಯೆಯನ್ನು ಬಲದಿಂದ ಎರಡೆರಡು ಅಂಕಿಯಾಗಿ ಕತ್ತರಿಸಿ ಕೂಡಿದರೂ 99ರ ಶೇಷ ಕದಲುವುದಿಲ್ಲ. ಮೇಷ್ಟರ ಕತ್ತರಿ ನಮ್ಮನ್ನು ನೇರ 0ಯಿಂದ 98ರವರೆಗಿನ ಶೇಷಗಳ ಲೋಕಕ್ಕೆ, ಮಾಡ್ಯುಲೊ 99 ಎಂಬ ರಿಂಗ್‌ಗೆ ಇಳಿಸಿಬಿಟ್ಟಿದೆ!

ಅಲ್ಲಿ 45 × 45 = 45. ಎರಡೂ ಕಡೆ 45 ಹೊಡೆದುಹಾಕೋಣವೇ? ಹಾಕಿದರೆ 45 = 1 ಎಂದಾಗುತ್ತದೆ! ತಡೆಯುವವರು ಯಾರು? 45 × 44 = 1980, ಅದು 99ರ 20 ಪಟ್ಟು. ಅಂದರೆ ಈ ಲೋಕದಲ್ಲಿ ಸೊನ್ನೆ! ಸೊನ್ನೆಯಲ್ಲದ ಎರಡು ಸಂಖ್ಯೆಗಳು ಗುಣಿಸಿಕೊಂಡು ಸೊನ್ನೆಯಾದವು. ಇವು ಶೂನ್ಯ ಭಾಜಕಗಳು. ಇವನ್ನು ಹೊಡೆದುಹಾಕುವ ಹಕ್ಕು ನಮಗಿಲ್ಲ.

ಆದರೆ 2ನ್ನು ಧಾರಾಳವಾಗಿ ಹೊಡೆದುಹಾಕಬಹುದು. 2 × 50 = 100, ಶೇಷ 1; ಅಂದರೆ 2ಕ್ಕೆ ವಿಲೋಮ ಉಂಟು. ಅಂಥದ್ದು ಯೂನಿಟ್. ಗುರುತು ಸುಲಭ: 99 = 3 × 3 × 11. 3 ಆಗಲಿ 11 ಆಗಲಿ ಭಾಗಿಸದಿದ್ದರೆ ಯೂನಿಟ್. ಇಲ್ಲಿ 60 ಯೂನಿಟ್‌ಗಳಿವೆ. ಸೊನ್ನೆಯನ್ನು ಬಿಟ್ಟು ಉಳಿದ 38ಕ್ಕೂ ಶೂನ್ಯ ಭಾಜಕದ ಪಟ್ಟ.

ಆ ಗುಂಪಿನಲ್ಲೇ ಒಂದು ವಿಚಿತ್ರ ಜೀವಿ, 33. ಅದರ ವರ್ಗ 1089. ಕತ್ತರಿಸಿ: 10 + 89 = 99. ಸೊನ್ನೆ! ತನ್ನನ್ನೇ ಗುಣಿಸಿಕೊಂಡು ಮಾಯ! ಹೀಗೆ ಯಾವುದೋ ಘಾತದಲ್ಲಿ ಸೊನ್ನೆಯಾಗುವುದು ನಿಲ್ಪೊಟೆಂಟ್. 33ರಲ್ಲಿ 3 ಇದೆ, 11 ಇದೆ, ಇನ್ನೊಂದು 3ರ ಕೊರತೆ ಮಾತ್ರ. ವರ್ಗ ಅದನ್ನು ತುಂಬಿಕೊಟ್ಟಿತು. 45ರಲ್ಲಿ 11 ಇಲ್ಲವೇ ಇಲ್ಲ, ಎಷ್ಟು ಘಾತಕ್ಕೇರಿಸಿದರೂ ಬರುವುದಿಲ್ಲ. ಆದ್ದರಿಂದ 45 ಎಂದೆಂದೂ ಸೊನ್ನೆಯಾಗದು. ಸೊನ್ನೆಯ ಜೊತೆ ಇಲ್ಲಿನ ನಿಲ್ಪೊಟೆಂಟ್‌ಗಳು 33 ಮತ್ತು 66, ಅಷ್ಟೇ. 66ನ್ನು ನೀವೇ ಕತ್ತರಿಸಿ ನೋಡಿ.

ಇನ್ನು ಪೆನ್ಸಿಲ್ ಹಿಡಿಯಿರಿ.

1. ಮಾಡ್ಯುಲೊ 99ರಲ್ಲಿ 7ರ ವಿಲೋಮ ಯಾವುದು?

2. 45 ಮತ್ತು 55ರ ಮೊತ್ತ, ಗುಣಲಬ್ಧ ಎರಡನ್ನೂ ಅದೇ ಲೋಕದಲ್ಲಿ ಲೆಕ್ಕಹಾಕಿ.

3. 297 ಕೂಡ ಕಾಪ್ರೇಕರ್ ಸಂಖ್ಯೆ: 88209, 88 + 209. ಮಾಡ್ಯುಲೊ 999ರಲ್ಲಿ ಅದನ್ನು ಸೊನ್ನೆಯಾಗಿಸುವ ಒಂದು ಜೊತೆಗಾರನನ್ನು ಹುಡುಕಿ.

4. 999 = 27 × 37. ಅಲ್ಲಿ 111 ಎಷ್ಟನೇ ಘಾತದಲ್ಲಿ ಸೊನ್ನೆಯಾಗುತ್ತದೆ? ವರ್ಗ ಸಾಲದು, ಎಚ್ಚರ.

5. ಮಾಡ್ಯುಲೊ nರಲ್ಲಿ ಸೊನ್ನೆಯನ್ನು ಬಿಟ್ಟು ಬೇರೆ ನಿಲ್ಪೊಟೆಂಟ್ ಇಲ್ಲದಿರಲು n ಹೇಗಿರಬೇಕು?

ಮೊದಲನೆಯದಕ್ಕೆ ಉತ್ತರ 85, ನಾಲ್ಕನೆಯದಕ್ಕೆ 3. ಉಳಿದವನ್ನು ಹೇಳುವುದಿಲ್ಲ.