ತಡವಾಗುವ ಕೆಲಸಕ್ಕೆ ಹೊಸ ತಾರೀಕು ಕೇಳುವುದು

ಮನೆಯಿಂದಲೇ ಪುಸ್ತಕಗಳ ಪುಟ ವಿನ್ಯಾಸ ಮಾಡಿಕೊಡುವ ಡಿಟಿಪಿ ಕಲಾವಿದೆಯೊಬ್ಬರಿದ್ದಾರೆ ಎಂದುಕೊಳ್ಳೋಣ. 160 ಪುಟಗಳ ಒಂದು ಪುಸ್ತಕವನ್ನು ಜೂನ್ 14ರ ಶನಿವಾರ ಕೊಡುತ್ತೇನೆಂದು ಪ್ರಕಾಶಕರಿಗೆ ಒಪ್ಪಿಕೊಂಡಿದ್ದಾರೆ. 96 ಪುಟ ಕಟ್ಟಿದ ಮೇಲೆ ಕಣ್ಣಿಗೆ ಬೀಳುತ್ತದೆ: 'ಕಾರ್ಯಕ್ರಮ' ಎಂದಿರಬೇಕಾದ ಕಡೆ 'ಕಾಯರ್ಕ್ರಮ', 'ಸೂರ್ಯ' ಇರಬೇಕಾದಲ್ಲಿ 'ಸೂಯರ್'.

ಲೇಖಕರು ಹಸ್ತಪ್ರತಿಯನ್ನು ಹಳೆಯ ನುಡಿ ಅಕ್ಷರಗಳಲ್ಲಿ ಟೈಪ್ ಮಾಡಿಸಿದ್ದರು. ಅದರಲ್ಲಿ ಅರ್ಕಾವೊತ್ತು ಅಕ್ಷರದ ನಂತರ ಕೂರುತ್ತದೆ, ಯೂನಿಕೋಡ್‌ನಲ್ಲಿ 'ರ್' ಮೊದಲೇ ಬರಬೇಕು. ಪರಿವರ್ತನೆ ಮಾಡುವ ತಂತ್ರಾಂಶ ಈ ಅದಲುಬದಲನ್ನು ಸರಿಯಾಗಿ ಮಾಡದಿದ್ದರೆ ಇಂಥ ಪದಗಳು ಉಳಿಯುತ್ತವೆ. 'ಯರ್' ಇರುವಲ್ಲೆಲ್ಲ 'ರ್ಯ' ಹಾಕು ಎಂದು ಕಂಪ್ಯೂಟರಿಗೆ ಹೇಳಿದರಾಯಿತಲ್ಲ ಎನಿಸಬಹುದು. ಹಾಗೆ ಮಾಡಿದರೆ 'ಇಂಜಿನಿಯರ್' ಹೋಗಿ 'ಇಂಜಿನಿರ್ಯ' ಆಗುತ್ತದೆ. ಹೀಗಾಗಿ ಮೂಲ ಪ್ರತಿಯನ್ನು ಪಕ್ಕದಲ್ಲಿಟ್ಟುಕೊಂಡು 160 ಪುಟವನ್ನೂ ಓದಲೇಬೇಕು.

ಇಂಥ ಹೊತ್ತಿನಲ್ಲಿ ಹೆಚ್ಚಿನವರು ಬರೆಯುವುದು 'ಅನಿವಾರ್ಯ ಕಾರಣಗಳಿಂದ ಸ್ವಲ್ಪ ತಡವಾಗುತ್ತದೆ, ಆದಷ್ಟು ಬೇಗ ಕಳಿಸುತ್ತೇನೆ' ಎಂದು. ಪ್ರಕಾಶಕರಿಗೆ ಇದರಿಂದ ಏನೂ ಪ್ರಯೋಜನವಿಲ್ಲ. ಅವರು ಪ್ರೆಸ್ಸಿನವರಿಗೆ ಯಾವ ದಿನ ಹೇಳಬೇಕು? ಜುಲೈ 6ರ ಭಾನುವಾರ ಬಿಡುಗಡೆ ಸಮಾರಂಭ ಇಟ್ಟುಕೊಂಡಿದ್ದಾರೆ, ಆಮಂತ್ರಣ ಅಚ್ಚು ಹಾಕಿಸಬಹುದೇ? ತಡಕ್ಕೆ ಕಾರಣವೇನು ಎನ್ನುವುದಕ್ಕಿಂತ ಈ ಎರಡು ಪ್ರಶ್ನೆಗಳ ಉತ್ತರವೇ ಅವರಿಗೆ ಮುಖ್ಯ. ಒಳ್ಳೆಯ ಸಂದೇಶ ಅಲ್ಲಿಂದಲೇ ಹುಟ್ಟಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಬರೆಯುವ ಮುನ್ನ ಒಂದು ಕೆಲಸವಿದೆ. ಅರ್ಧ ದಿನ ಕೂತು ನಿಜಕ್ಕೂ ಎಷ್ಟು ಪುಟ ತಿದ್ದಲಾಗುತ್ತದೆ ನೋಡಬೇಕು. ಹತ್ತು ಪುಟ ಆಯಿತು ಎನ್ನಿ. ಆಗ ದಿನಕ್ಕೆ 20, ಒಟ್ಟು 8 ದಿನ. ಬುಧವಾರ 11ರಿಂದ ಶುರುಮಾಡಿ ಭಾನುವಾರ ಬಿಟ್ಟರೆ 19ಕ್ಕೆ ಮುಗಿಯುತ್ತದೆ. ಕರೆಂಟು ಹೋಗಬಹುದು, ಜ್ವರ ಬರಬಹುದು, ಅದಕ್ಕೊಂದು ದಿನ ಸೇರಿಸಿ 20 ಎನ್ನಬೇಕು. ಮೊದಲ ಗಡುವು ತಪ್ಪಿದ್ದನ್ನು ಪ್ರಕಾಶಕರು ಸಹಿಸಿಯಾರು, ಎರಡನೆಯದೂ ತಪ್ಪಿದರೆ ಮುಂದಿನ ಪುಸ್ತಕ ಬೇರೆಯವರ ಕೈಗೆ ಹೋಗುತ್ತದೆ.

ಇನ್ನೊಂದು ಅನುಕೂಲವಿದೆ. ಪುಸ್ತಕ ಅಚ್ಚಾಗುವುದು ಫಾರಂ ಲೆಕ್ಕದಲ್ಲಿ, ಒಂದು ಫಾರಂಗೆ 16 ಪುಟದಂತೆ ಇಲ್ಲಿ ಹತ್ತು ಫಾರಂ. ಎಲ್ಲ ಮುಗಿಯುವವರೆಗೆ ಕಾಯದೆ, ಆದಷ್ಟನ್ನು ಫಾರಂ ಲೆಕ್ಕದಲ್ಲೇ ಪ್ರೂಫಿಗೆ ಕಳಿಸಬಹುದು. ಪರಿವಿಡಿ ಇರುವ ಮೊದಲ ಫಾರಂ ಮಾತ್ರ ಕೊನೆಗೇ ಹೋಗಬೇಕು, ಏಕೆಂದರೆ ಅಧ್ಯಾಯಗಳ ಪುಟ ಸಂಖ್ಯೆ ಅಲ್ಲಿಯವರೆಗೆ ಖಚಿತವಾಗುವುದಿಲ್ಲ.

ಸಂದೇಶವನ್ನು ಮಂಗಳವಾರ 10ರಂದೇ ಕಳಿಸಬೇಕು. ನಾಲ್ಕು ದಿನ ಮೊದಲೇ ತಿಳಿದರೆ ಪ್ರೆಸ್ಸಿನವರು ಆ ಜಾಗಕ್ಕೆ ಬೇರೆ ಕೆಲಸ ಹಾಕಿಕೊಳ್ಳುತ್ತಾರೆ. ಶನಿವಾರ ಸಂಜೆ ತಿಳಿದರೆ ಯಂತ್ರ ಖಾಲಿ ನಿಲ್ಲುತ್ತದೆ. ಅದು ಹೀಗಿರಬಹುದು:

'ಸರ್, ನಮಸ್ಕಾರ. 14ಕ್ಕೆ ಕೊಡಬೇಕಿದ್ದ ಪುಸ್ತಕ ಪೂರ್ತಿಯಾಗಿ 20ಕ್ಕೆ ಸಿಗುತ್ತದೆ. ಬಿಡುಗಡೆಗೆ ತೊಂದರೆಯಾಗದು. ಯೂನಿಕೋಡ್‌ಗೆ ಬದಲಿಸುವಾಗ ಅರ್ಕಾವೊತ್ತುಗಳು ಸ್ಥಾನ ಬದಲಿಸಿವೆ, ಪ್ರತಿ ಪುಟವನ್ನೂ ಮೂಲದೊಂದಿಗೆ ಹೋಲಿಸಿ ತಿದ್ದುತ್ತಿದ್ದೇನೆ. ಒಂದು ಪುಟದ ಫೋಟೊ ಜೊತೆಗಿದೆ. 17ರಿಂದ 96ನೇ ಪುಟದವರೆಗೆ, ಅಂದರೆ ಐದು ಫಾರಂಗಳ ಪ್ರೂಫ್ ಈ ಶನಿವಾರ 14ಕ್ಕೇ ಕಳಿಸುತ್ತೇನೆ. ಉಳಿದ ಐದು 20ರ ಶುಕ್ರವಾರ ಸಂಜೆ. ಮೊದಲ ಕಂತಿನ ಪ್ರೂಫ್ 18ಕ್ಕೆ, ಎರಡನೆಯದು 23ಕ್ಕೆ ತಿದ್ದಿ ಕೊಟ್ಟರೆ 24ಕ್ಕೆ ಪ್ರೆಸ್ಸಿಗೆ ಹೋಗುತ್ತದೆ. ಅವರು ಕೇಳಿರುವ 8 ದಿನ ಹಿಡಿದರೂ ಜುಲೈ 2ಕ್ಕೆ ಪ್ರತಿಗಳು ಕೈಸೇರುತ್ತವೆ. ಇದು ನಿಮಗೆ ಹೊಂದುತ್ತದೆಯೇ? ಸಂಜೆ 6ಕ್ಕೆ ಫೋನ್ ಮಾಡುತ್ತೇನೆ.'

ಇಲ್ಲಿ ತಾರೀಕು ಮೊದಲ ಸಾಲಲ್ಲೇ ಬಂದಿದೆ, ಕಾರಣಕ್ಕೆ ಒಂದೇ ವಾಕ್ಯ. ಲೇಖಕರ ಕಡತವೇ ಹೀಗಿತ್ತು ಎಂದು ದೂರಿಲ್ಲ, ದೂರಿದರೆ ಮಾತು ಯಾರ ತಪ್ಪು ಎಂಬ ಕಡೆಗೆ ತಿರುಗಿ ಗಡುವಿನ ವಿಷಯ ಹಿಂದೆ ಬೀಳುತ್ತದೆ. ಫೋಟೊ ಇರುವುದರಿಂದ ನೆಪ ಎಂಬ ಅನುಮಾನಕ್ಕೆ ಎಡೆಯಿಲ್ಲ. ಪ್ರಕಾಶಕರು ಮಾಡಬೇಕಾದ ಕೆಲಸಕ್ಕೂ ದಿನ ಗೊತ್ತಾಗಿದೆ. ಪ್ರೂಫ್ ಅವರ ಮೇಜಿನ ಮೇಲೆ ಮೂರು ದಿನ ಹೆಚ್ಚು ಕೂತರೆ ಪ್ರೆಸ್ಸಿನ ದಿನವೂ ಮೂರು ದಿನ ಮುಂದೆ ಹೋಗುತ್ತದೆ, ಸಮಾರಂಭಕ್ಕೆ ಉಳಿಯುವುದು ಒಂದೇ ದಿನ. ಸಂಜೆಯ ಫೋನಿನಲ್ಲಿ ಇದನ್ನು ಬಾಯಿಬಿಟ್ಟು ಹೇಳಿ, ಒಪ್ಪಿದ ತಾರೀಕುಗಳನ್ನು ಅವತ್ತೇ ರಾತ್ರಿ ಎರಡು ಸಾಲಿನಲ್ಲಿ ಮತ್ತೆ ಬರೆದು ಕಳಿಸಬೇಕು.